ಮುಸುರೆ ತಿನ್ನುವ ಹಂದಿಗೆ ಜ್ವರ ಬಂದರೆ: ದೋಷ ಎಲ್ಲಿದೆ ಎಂದು ಹುಡುಕುವ ಬಗೆ

ಹಂದಿ ಮೇವು ಬಿಟ್ಟಿದೆ, ಮೂಲೆ ಹಿಡಿದು ಮಲಗಿದೆ, ಕಿವಿ ಕೆಂಪಾಗಿದೆ. ಹೋಟೆಲ್ ಮುಸುರೆ ಹಾಕುವ ಗೂಡಿನಲ್ಲಿ ಇಷ್ಟು ಕಂಡ ಕೂಡಲೇ ಹೆಚ್ಚಿನವರು "ನಿನ್ನೆಯ ಅನ್ನ ಹಳಸಿತ್ತು" ಎಂದುಕೊಂಡು ಒಂದು ದಿನ ಕಾಯುತ್ತಾರೆ. ಹಳಸಿದ ಮುಸುರೆಯಿಂದ ಆದದ್ದಾದರೆ ಆ ಒಂದು ದಿನ ಸಾಕು. ಆಫ್ರಿಕನ್ ಹಂದಿ ಜ್ವರವಾಗಿದ್ದರೆ ಆ ಒಂದು ದಿನದಲ್ಲಿ ವ್ಯಾಪಾರಿ ಬಂದು ಹೋಗಿರುತ್ತಾನೆ, ಮುಸುರೆಯ ಗಾಡಿ ಇನ್ನೊಂದು ಗೂಡಿಗೆ ಹೋಗಿರುತ್ತದೆ. ಕೇರಳದಲ್ಲಿ ಈ ರೋಗ ಮೊದಲು ದೃಢಪಟ್ಟದ್ದು 2022ರ ಜುಲೈಯಲ್ಲಿ, ವಯನಾಡಿನ ಮಾನಂತವಾಡಿಯ ಕಡೆ. 2023ರ ಆರಂಭದಲ್ಲಿ ಅದು ನಮ್ಮ ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯತಿನಲ್ಲೇ ಕಾಣಿಸಿಕೊಂಡಿತು. ಹಾಗಾಗಿ ಪೆರ್ಲ, ಬದಿಯಡ್ಕ, ಮಂಜೇಶ್ವರ ಕಡೆಯ ಸಾಕಣೆಗಾರರಿಗೆ ಇದು ದೂರದ ಊರಿನ ಸುದ್ದಿಯಲ್ಲ.

ಈ ಬರಹದಲ್ಲಿ ಹುಡುಕಬೇಕಾದ ವಿಷಯ ಎರಡು. ಬಂದದ್ದು ಆ ಜ್ವರವೇ ಎಂದು ಶಂಕಿಸಬೇಕೇ ಬೇಡವೇ? ಶಂಕೆ ಬಲವಾದರೆ, ಅದು ಒಳಗೆ ಬಂದ ದಾರಿ ಯಾವುದು?

ಮೊದಲು ಥರ್ಮಾಮೀಟರ್

ಕಣ್ಣಿಗಿಂತ ಮೊದಲು ಉಷ್ಣತೆ ನೋಡಿ. ಗುದದ್ವಾರದಲ್ಲಿಟ್ಟು ನೋಡಿದಾಗ ಆರೋಗ್ಯವಂತ ಹಂದಿಯ ಮೈ 39 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರುತ್ತದೆ. ಆಫ್ರಿಕನ್ ಹಂದಿ ಜ್ವರದಲ್ಲಿ 40.5ರಿಂದ 42ರವರೆಗೆ ಏರುತ್ತದೆ, ಅದೂ ಕಿವಿ ಕೆಂಪಾಗುವ ಮೊದಲೇ. ಮಲಗಿದ ಹಂದಿಯ ಜೊತೆಗೆ ಅದೇ ಅಂಕಣದಲ್ಲಿ ಚೆನ್ನಾಗಿ ತಿನ್ನುತ್ತಿರುವ ಎರಡು ಮೂರು ಹಂದಿಗಳನ್ನೂ ನೋಡಿ. ಅವುಗಳಲ್ಲೂ ಜ್ವರ ಸಿಕ್ಕಿದರೆ ವಿಷಯ ಗಂಭೀರ. ಒಂದು ಅಂಕಣದಿಂದ ಇನ್ನೊಂದಕ್ಕೆ ಹೋಗುವಾಗ ಥರ್ಮಾಮೀಟರನ್ನು ಸಾಬೂನು ನೀರಲ್ಲಿ ತೊಳೆದು ಔಷಧಿ ನೀರಲ್ಲಿ ಅದ್ದಬೇಕು. ಆರೋಗ್ಯವಾಗಿರುವ ಅಂಕಣ ಮೊದಲು, ಕಾಯಿಲೆಯ ಅಂಕಣ ಕೊನೆಗೆ.

ಮುಸುರೆ ತಿನ್ನುವ ಹಂದಿಗಳಲ್ಲಿ ಇದೇ ಥರ ಕಾಣುವ ಬೇರೆ ತೊಂದರೆಗಳೂ ಇವೆ. ಅವನ್ನು ಬೇರ್ಪಡಿಸಲು ಎಷ್ಟು ಹಂದಿಗಳಿಗೆ, ಎಷ್ಟು ಬೇಗ ಬಂತು ಎಂಬುದನ್ನು ಗಮನಿಸಿ.

ಹಳಸಿದ ಮುಸುರೆಯಾದರೆ ಅದನ್ನು ತಿಂದ ಹಂದಿಗಳಲ್ಲಿ ಹೆಚ್ಚಿನವು ಅದೇ ದಿನ ವಾಂತಿ, ಭೇದಿ ಮಾಡುತ್ತವೆ. ಜ್ವರ ಇಲ್ಲ, ಇದ್ದರೂ ಸ್ವಲ್ಪ. ಎರಡು ದಿನದಲ್ಲಿ ಚೇತರಿಕೆ ಕಾಣುತ್ತದೆ.

ಉಪ್ಪಿನ ವಿಷವನ್ನು ನಮ್ಮಲ್ಲಿ ಬಹಳ ಮಂದಿ ಗುರುತಿಸುವುದಿಲ್ಲ. ಉಪ್ಪಿನಕಾಯಿ, ಒಣಮೀನು, ಹಪ್ಪಳ ಇರುವ ಮುಸುರೆ ಹಾಕಿದ ದಿನವೇ ನೀರಿನ ಪೈಪ್ ಕಟ್ಟಿಕೊಂಡರೆ ಅಥವಾ ಬೇಸಿಗೆಯಲ್ಲಿ ತೊಟ್ಟಿ ಬತ್ತಿದರೆ ಒಂದೆರಡು ದಿನದೊಳಗೆ ಹಂದಿಗಳು ಕಣ್ಣು ಕಾಣದವುಗಳಂತೆ ಅಲೆಯುತ್ತವೆ, ಗೋಡೆಗೆ ತಲೆ ಒತ್ತುತ್ತವೆ, ನಾಯಿಯ ಹಾಗೆ ಕುಕ್ಕರಿಸುತ್ತವೆ, ಸೆಳೆತ ಬರುತ್ತದೆ. ಸೆಳೆತವಿಲ್ಲದ ಹೊತ್ತಿನಲ್ಲಿ ಜ್ವರ ಇರುವುದಿಲ್ಲ. ಆಗ ಗಾಬರಿಯಿಂದ ಒಮ್ಮೆಲೇ ತೊಟ್ಟಿ ತುಂಬ ನೀರು ಕೊಡಬಾರದು. ಮಿದುಳು ಊದಿಕೊಂಡು ಬದುಕುವ ಹಂದಿಯೂ ಸಾಯುತ್ತದೆ. ಸ್ವಲ್ಪ ಸ್ವಲ್ಪವಾಗಿ, ಮತ್ತೆ ಮತ್ತೆ ಕೊಡಬೇಕು.

ಚರ್ಮದ ಮೇಲೆ ಚೌಕಾಕಾರದ, ಮುಟ್ಟಿದರೆ ಉಬ್ಬಿದಂತಿರುವ ಕೆಂಪು ಕಲೆಗಳಿದ್ದರೆ ಎರಿಸಿಪೆಲಸ್ ಎಂಬ ಬ್ಯಾಕ್ಟೀರಿಯಾ ರೋಗ ಇರಬಹುದು. ಪಶುವೈದ್ಯರು ಕೊಟ್ಟ ಪೆನಿಸಿಲಿನ್‌ಗೆ ಅದು ಒಂದೆರಡು ದಿನದಲ್ಲಿ ಬಗ್ಗುತ್ತದೆ. ಹಳೆಯ ಹಂದಿ ಜ್ವರವನ್ನು, ಎಂದರೆ ನಾವು ಲಸಿಕೆ ಹಾಕಿಸುವ ಕ್ಲಾಸಿಕಲ್ ಹಂದಿ ಜ್ವರವನ್ನು, ಆಫ್ರಿಕನ್ ಜ್ವರದಿಂದ ಕಣ್ಣಿನಿಂದ ಬೇರ್ಪಡಿಸಲು ಯಾರಿಂದಲೂ ಆಗದು. ಹೆಸರು ಹತ್ತಿರವಾದರೂ ವೈರಸ್‌ಗಳು ಬೇರೆ ಬೇರೆ. ಆ ಲಸಿಕೆ ಈ ರೋಗವನ್ನು ತಡೆಯುವುದಿಲ್ಲ. ರೋಗ ಯಾವುದು ಎಂದು ಪ್ರಯೋಗಾಲಯವೇ ಹೇಳಬೇಕು.

ಆಫ್ರಿಕನ್ ಜ್ವರ ಹರಡುವ ರೀತಿ ಮೋಸಗೊಳಿಸುವಂಥದ್ದು. ಇದು ಗಾಳಿಯಲ್ಲಿ ದೂರ ಹಾರುವ ರೋಗವಲ್ಲ. ರಕ್ತ, ಮಲ, ಜೊಲ್ಲು, ಮಾಂಸ, ಇವುಗಳನ್ನು ಮುಟ್ಟಿ, ನೆಕ್ಕಿ, ತಿಂದು ಬರುವುದು. ಹಾಗಾಗಿ ಮೊದಲು ಒಂದು ಹಂದಿ ಮಲಗುತ್ತದೆ, ಮೂರು ನಾಲ್ಕು ದಿನದಲ್ಲಿ ಸಾಯುತ್ತದೆ, ಮತ್ತೆ ಕೆಲವು ದಿನ ಗೂಡು ಶಾಂತವಾಗಿರುತ್ತದೆ. "ಒಂದೇ ಹೋಯಿತು, ಉಳಿದವು ಗಟ್ಟಿ" ಎಂದು ಸಮಾಧಾನಪಡುವ ಹೊತ್ತಿಗೆ ಅದೇ ಅಂಕಣದಲ್ಲಿ ಎರಡು ಮೂರು ಹಂದಿಗಳಿಗೆ ಜ್ವರ ಏರಿರುತ್ತದೆ. ಕಿವಿ, ಹೊಟ್ಟೆಯಡಿ, ಕಾಲುಗಳು ಕೆಂಪಾಗಿ ಆಮೇಲೆ ನೇರಳೆಗೆ ತಿರುಗುವುದು, ಮಲದಲ್ಲಿ ರಕ್ತ, ಗಬ್ಬದ ಹಂದಿ ದಿನ ತುಂಬುವ ಮೊದಲೇ ಮರಿ ಹಾಕುವುದು, ಏನೂ ತೋರಿಸದೆ ಬೆಳಗ್ಗೆ ಸತ್ತು ಬಿದ್ದಿರುವುದು, ಇವೆಲ್ಲ ಸೇರುತ್ತವೆ. ತಗುಲಿದ ಹಂದಿಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಸಾಯುತ್ತವೆ. ಮದ್ದಿಲ್ಲ, ಆಂಟಿಬಯಾಟಿಕ್ ಇಂಜೆಕ್ಷನ್ ಈ ವೈರಸ್‌ಗೆ ಏನೂ ಮಾಡದು.

ನಮ್ಮ ಅಳತೆಗೋಲು ಹೀಗೆ: 40.5 ಡಿಗ್ರಿಗಿಂತ ಹೆಚ್ಚು ಜ್ವರ, ಜೊತೆಗೆ ಒಂದು ಸಾವು ಅಥವಾ ಅದೇ ಅಂಕಣದಲ್ಲಿ ಇನ್ನೊಂದು ಹಂದಿಗೆ ಜ್ವರ. ಇಷ್ಟಾದರೆ ಮೂರನೆಯದಕ್ಕೆ ಕಾಯದೆ ಪಂಚಾಯತಿನ ಮೃಗಾಸ್ಪತ್ರೆಗೆ ಫೋನ್ ಮಾಡಿ. ನೀವೇ ಹೋಗಬೇಡಿ, ಸತ್ತ ಹಂದಿಯನ್ನು ಪಿಕಪ್‌ನಲ್ಲಿ ಹಾಕಿಕೊಂಡಂತೂ ಹೋಗಲೇಬೇಡಿ. ಹೊಟ್ಟೆ ಸೀಳಿ ನೋಡುವ ಆಸೆಯನ್ನೂ ಬಿಡಿ. ಈ ರೋಗದ ಹಂದಿಯ ರಕ್ತದಲ್ಲಿ ವೈರಸ್ ತುಂಬಿರುತ್ತದೆ, ನೆಲಕ್ಕೆ ಬಿದ್ದ ಒಂದು ಸೌಟು ರಕ್ತ ಇಡೀ ಗೂಡಿಗೆ ಸಾಕು. ಮಾದರಿ ತೆಗೆಯುವುದು ವೈದ್ಯರ ಕೆಲಸ. ದೃಢೀಕರಣ ಆಗುವುದು ಭೋಪಾಲದಲ್ಲಿರುವ ರಾಷ್ಟ್ರೀಯ ಪ್ರಯೋಗಾಲಯದಲ್ಲಿ. ವರದಿ ಬರುವವರೆಗೆ ಗೂಡಿನಿಂದ ಹಂದಿ, ಮಾಂಸ, ಗೊಬ್ಬರ, ಪಾತ್ರೆ, ಗೋಣಿ ಯಾವುದೂ ಹೊರಗೆ ಹೋಗಬಾರದು.

ತಾರೀಖು ಹಿಂದಕ್ಕೆ ಎಣಿಸುವುದು

ವೈರಸ್ ಒಳಹೊಕ್ಕ ದಿನದಿಂದ ಜ್ವರ ಕಾಣಲು ಸಾಮಾನ್ಯವಾಗಿ 4ರಿಂದ 19 ದಿನ ಬೇಕು. ದಾರಿ ಹುಡುಕಲು ಇದೇ ಕೀಲಿ. ಮೊದಲ ಹಂದಿ ಮೇವು ಬಿಟ್ಟ ತಾರೀಖಿನಿಂದ 4 ದಿನ ಮತ್ತು 19 ದಿನ ಹಿಂದಕ್ಕೆ ಎಣಿಸಿ, ಆ ಎರಡು ತಾರೀಖುಗಳ ನಡುವೆ ಗೂಡಿಗೆ ಏನು ಬಂತು, ಯಾರು ಬಂದರು ಎಂದು ಬರೆಯಿರಿ.

ಒಂದು ಉದಾಹರಣೆಯನ್ನು ಬಿಡಿಸಿ ನೋಡೋಣ. ನಾಲ್ಕು ಅಂಕಣ, ಒಂದೊಂದರಲ್ಲಿ ಹತ್ತು ಹಂದಿ. ದಿನಕ್ಕೆ ಸುಮಾರು 200 ಕಿಲೋ ಮುಸುರೆ, ಎರಡು ಡ್ರಮ್‌ಗಳಲ್ಲಿ ಬೇಯುತ್ತದೆ. ಮೊದಲ ಡ್ರಮ್ 1 ಮತ್ತು 2ನೇ ಅಂಕಣಕ್ಕೆ, ಎರಡನೆಯದು 3 ಮತ್ತು 4ಕ್ಕೆ. ತಿಂಗಳ 20ಕ್ಕೆ 4ನೇ ಅಂಕಣದಲ್ಲಿ ಒಂದು ಹಂದಿ ಮೇವು ಬಿಟ್ಟಿತು, 21ಕ್ಕೆ 41.2 ಡಿಗ್ರಿ, 23ಕ್ಕೆ ಸತ್ತಿತು. 26ಕ್ಕೆ ಅದೇ ಅಂಕಣದಲ್ಲಿ ಇನ್ನೆರಡಕ್ಕೆ ಜ್ವರ. ಫೋನ್ ಹೋದದ್ದು ಆಗ. ಹೋಗಬೇಕಾಗಿದ್ದದ್ದು 23ಕ್ಕೆ.

20ರಿಂದ ಹಿಂದಕ್ಕೆ ಎಣಿಸಿದರೆ ನೋಡಬೇಕಾದ ಅವಧಿ 1ರಿಂದ 16ನೇ ತಾರೀಖು. ಪುಸ್ತಕದಲ್ಲಿ ಮೂರು ಸಂಗತಿ ಸಿಕ್ಕಿತು ಎನ್ನಿ. 5ಕ್ಕೆ ವ್ಯಾಪಾರಿಯೊಬ್ಬ ತನ್ನದೇ ಹಗ್ಗ, ತಕ್ಕಡಿ ತಂದು 1ನೇ ಅಂಕಣದ ಹಂದಿ ತೂಗಿದ. 12ಕ್ಕೆ ಮದುವೆ ಹಾಲ್‌ನಿಂದ ಮಾಂಸದ ಚೂರುಗಳಿದ್ದ ಮುಸುರೆ ಬಂತು, ಮಳೆಯಿಂದ ಸೌದೆ ಒದ್ದೆ, ಎರಡನೇ ಡ್ರಮ್ ಬೆಂದದ್ದು ಅರ್ಧ ಗಂಟೆ. 14ಕ್ಕೆ ಕೆಲಸದಾತ ಊರಿಂದ ಮರಳಿದ.

ವ್ಯಾಪಾರಿಯಿಂದ ಬಂದಿದ್ದರೆ 1ನೇ ಅಂಕಣ ಮೊದಲು ಮಲಗಬೇಕಿತ್ತು, ಅದು ಗಟ್ಟಿಯಾಗಿದೆ. ಕೆಲಸದಾತ ನಾಲ್ಕೂ ಅಂಕಣಕ್ಕೆ ಕಾಲಿಡುವವನು, ಅವನ ದಾರಿಯನ್ನು ಪೂರ್ತಿ ಬಿಡಲಾಗದು, ಆದರೆ ಅದು 4ನೇ ಅಂಕಣವನ್ನೇ ತೋರಿಸುವುದಿಲ್ಲ. ಎರಡನೇ ಡ್ರಮ್ ಹೋದದ್ದು 3 ಮತ್ತು 4ಕ್ಕೆ, 12ರಿಂದ 20ಕ್ಕೆ ಎಂಟು ದಿನ, ಲೆಕ್ಕ ಕೂಡುತ್ತದೆ. 3ನೇ ಅಂಕಣ ಯಾಕೆ ಉಳಿಯಿತು ಎಂದು ಕೇಳಬಹುದು. ಸೋಂಕಿನ ಮಾಂಸದ ಚೂರು ಡ್ರಮ್‌ನಲ್ಲಿ ಒಂದೇ ಇದ್ದಿರಬಹುದು, ಅದನ್ನು ತಿಂದ ಹಂದಿಯೂ ಒಂದೇ. ಇದು ಸಾಕ್ಷ್ಯವಲ್ಲ, ಬಲವಾದ ಊಹೆ. ಆದರೂ ಮೊದಲು ಎಲ್ಲಿ ಕೈಹಾಕಬೇಕು ಎಂದು ಅದು ಹೇಳುತ್ತದೆ: ಡ್ರಮ್‌ಗೆ.

ಡ್ರಮ್‌ನಲ್ಲಿ ಏನು ತಪ್ಪುತ್ತದೆ

ಮುಸುರೆಯಿಂದ ಈ ರೋಗ ದೇಶ ದಾಟಿದ ಇತಿಹಾಸವೇ ಇದೆ. 1957ರಲ್ಲಿ ಆಫ್ರಿಕಾದಿಂದ ಪೋರ್ಚುಗಲ್‌ಗೆ ಬಂದದ್ದು ಲಿಸ್ಬನ್ ವಿಮಾನ ನಿಲ್ದಾಣದ ಬಳಿ ಹಂದಿಗಳಿಗೆ ಹಾಕಿದ ವಿಮಾನದ ಊಟದ ಉಳಿಕೆಯಿಂದ. 2007ರಲ್ಲಿ ಜಾರ್ಜಿಯಾಕ್ಕೆ ಬಂದದ್ದು ಪೋಟಿ ಬಂದರಿನ ಹಡಗುಗಳ ಉಳಿಕೆಯಿಂದ ಎಂದೇ ತಜ್ಞರು ನಂಬುತ್ತಾರೆ. ಕಾರಣ ಸರಳ: ಹಂದಿ ಸತ್ತ ಮೇಲೂ ಮಾಂಸದಲ್ಲಿ ವೈರಸ್ ಬದುಕಿರುತ್ತದೆ. ಫ್ರಿಜ್‌ನಲ್ಲಿಟ್ಟ ಮಾಂಸದಲ್ಲಿ ತಿಂಗಳುಗಟ್ಟಲೆ, ಹೆಪ್ಪುಗಟ್ಟಿಸಿದ್ದರಲ್ಲಿ ವರ್ಷಗಟ್ಟಲೆ, ಉಪ್ಪು ಹಾಕಿ ಒಣಗಿಸಿದ್ದರಲ್ಲೂ ತಿಂಗಳುಗಟ್ಟಲೆ. ಮುಸುರೆ ಹುಳಿ ಬಂದರೆ ವೈರಸ್ ಸಾಯುತ್ತದೆ, ಸುಣ್ಣ ಅಥವಾ ಉಪ್ಪು ಕಲಸಿದರೆ ಸಾಕು ಎನ್ನುವುದನ್ನು ನಂಬಿ ಗೂಡು ಕಳೆದುಕೊಳ್ಳಬೇಡಿ. ಬೇಯಿಸುವುದೊಂದೇ ದಾರಿ. ನಮ್ಮ ಅಭಿಪ್ರಾಯ ಕೇಳಿದರೆ, ಮಾಂಸ ಮುಟ್ಟಿದ ಮುಸುರೆಯನ್ನು ಪೂರ್ತಿ ಬಿಟ್ಟು ತರಕಾರಿ ಮಾರ್ಕೆಟಿನ ಉಳಿಕೆ, ತೌಡು, ಹಿಂಡಿಗೆ ಬರುವುದೇ ಒಳ್ಳೆಯದು. ಅದಾಗದವರು ಅಳತೆ ತಪ್ಪದೆ ಬೇಯಿಸಲಿ.

ಅಳತೆ ಇದು: ಮುಸುರೆಯ ಎಲ್ಲ ಭಾಗವೂ ಕನಿಷ್ಠ 90 ಡಿಗ್ರಿಯಲ್ಲಿ ಕನಿಷ್ಠ 60 ನಿಮಿಷ ಇರಬೇಕು, ಉದ್ದಕ್ಕೂ ಕಲಕುತ್ತಿರಬೇಕು. "ವೈರಸ್ 60 ಡಿಗ್ರಿಯಲ್ಲಿ 20 ನಿಮಿಷಕ್ಕೆ ಸಾಯುತ್ತದಲ್ಲ" ಎಂದು ಕೆಲವರು ಕೇಳುತ್ತಾರೆ. ದ್ರವದಲ್ಲಿ ಆ ಮಾತು ನಿಜ. ಆದರೆ ಮುಸುರೆ ಬರೀ ದ್ರವವಲ್ಲ. ಅದರಲ್ಲಿ ಅನ್ನದ ಗಡ್ಡೆ, ಎಲುಬಿಗೆ ಅಂಟಿದ ಮಾಂಸ, ಕೊಬ್ಬಿನ ತುಂಡು ಇರುತ್ತದೆ. ಅವುಗಳ ನಡುವಿಗೆ ಬಿಸಿ ಮುಟ್ಟಲು ಹೊತ್ತು ಬೇಕು. ಹೆಚ್ಚಿನ ಬಿಸಿ, ಹೆಚ್ಚಿನ ಹೊತ್ತು ಎರಡೂ ಆ ಗಡ್ಡೆಗಳ ಲೆಕ್ಕಕ್ಕೆ.

ಮೊದಲನೆಯ ದೋಷ ಹೊತ್ತು ಎಣಿಸುವುದರಲ್ಲಿ. ಬೆಂಕಿ ಹಚ್ಚಿದಲ್ಲಿಂದ ಒಂದು ಗಂಟೆ ಎಣಿಸಿದರೆ ಹೆಚ್ಚಿನ ದಿನ ಕುದಿಯೇ ಬಂದಿರುವುದಿಲ್ಲ. ಡ್ರಮ್ ತುಂಬ, ನಡುವಿನಲ್ಲೂ, ಕೊತಕೊತ ಕುದಿ ಬಂದ ಮೇಲೆ ಗಡಿಯಾರ ನೋಡಿ ಬರೆದಿಡಿ.

ಎರಡನೆಯದು ದಪ್ಪ. ಗಂಜಿಯಷ್ಟು ದಪ್ಪವಾದ ಮುಸುರೆಯಲ್ಲಿ ಬಿಸಿ ತಾನಾಗಿ ಮೇಲೆ ಕೆಳಗೆ ಓಡಾಡುವುದಿಲ್ಲ. ಅಡಿ ಹತ್ತಿ ಕರಟುತ್ತಿರುತ್ತದೆ, ಅಂಚಿನಲ್ಲಿ ಗುಳ್ಳೆ ಏಳುತ್ತಿರುತ್ತದೆ, ನಡುವಿನಲ್ಲಿ ಮಾತ್ರ ಉಗುರು ಬೆಚ್ಚಗೆ. ಕಂಡುಹಿಡಿಯುವುದು ಸುಲಭ: ಉದ್ದ ಕಡ್ಡಿಯ ಥರ್ಮಾಮೀಟರನ್ನು ಅಂಚಿನಲ್ಲಿ, ನಡುವಿನಲ್ಲಿ, ಅಡಿಯಿಂದ ಒಂದು ಗೇಣು ಮೇಲೆ, ಮೂರು ಕಡೆ ಚುಚ್ಚಿ ನೋಡಿ. ಮೂರೂ 90 ದಾಟಿರಬೇಕು. 200 ಲೀಟರ್ ಡ್ರಮ್‌ಗೆ 100 ಲೀಟರ್ ಮುಸುರೆ, 40 ಲೀಟರ್ ನೀರು ಸರಿಯಾದ ಪಾಕ. ಮೇಲೆ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಖಾಲಿ ಬಿಟ್ಟರೆ ಮಾತ್ರ ಕಲಕಲು ಜಾಗ ಇರುತ್ತದೆ. ಒಂದೂವರೆ ಮೀಟರ್ ಉದ್ದದ ಮರದ ಸಟ್ಟುಗ ಇಟ್ಟುಕೊಂಡು ಅಡಿ ಕೆರೆಯುತ್ತ ಕಲಕಿ. ಹಾಕುವ ಮೊದಲು ಪ್ಲಾಸ್ಟಿಕ್ ಚೀಲ ಬಿಚ್ಚಿ. ಕಟ್ಟಿದ ಚೀಲ ಹಾಗೆಯೇ ಡ್ರಮ್‌ಗೆ ಬಿದ್ದರೆ ಅದರ ಒಳಗಿನದು ಬೇಯುವುದಿಲ್ಲ. ಫ್ರೀಜರ್‌ನಿಂದ ಬಂದ ಮಾಂಸದ ಗಟ್ಟಿ ಇದ್ದರೆ ಕರಗಿಸಿ ಕೊಚ್ಚಿ ಹಾಕಬೇಕು.

ಮೂರನೆಯದು ಸೌದೆ. 140 ಲೀಟರ್ ಮುಸುರೆಯನ್ನು ನಮ್ಮ ಕಡೆಯ ಸಾಧಾರಣ ಬಿಸಿಯಿಂದ ಕುದಿಗೆ ತರಲು, ಮೂರು ಕಲ್ಲಿನ ತೆರೆದ ಒಲೆಯಾದರೆ, 18 ಕಿಲೋದಷ್ಟು ಒಣ ಸೌದೆ ಬೇಕು, ಯಾಕೆಂದರೆ ಇಂಥ ಒಲೆಯಲ್ಲಿ ಹೆಚ್ಚಿನ ಬಿಸಿ ಗಾಳಿಗೆ ಹೋಗುತ್ತದೆ. ಕುದಿಯನ್ನು ಒಂದು ಗಂಟೆ ಹಿಡಿದಿಡಲು ಇನ್ನೂ ಆರೇಳು ಕಿಲೋ. ಎಂದರೆ ಒಂದು ಡ್ರಮ್‌ಗೆ ಸುಮಾರು 25 ಕಿಲೋ. ನಿಮ್ಮ ಗೂಡಿನಲ್ಲಿ ಎರಡು ಡ್ರಮ್‌ಗೆ ದಿನಕ್ಕೆ 20 ಕಿಲೋ ಮಾತ್ರ ಉರಿಯುತ್ತಿದ್ದರೆ ಮುಸುರೆ ಬೇಯುತ್ತಿಲ್ಲ ಎಂದು ಥರ್ಮಾಮೀಟರ್ ಇಲ್ಲದೆಯೂ ಹೇಳಬಹುದು. ಡ್ರಮ್ ಸುತ್ತ ಕೆಂಪುಕಲ್ಲು ಕಟ್ಟಿ ಮಣ್ಣು ಮೆತ್ತಿ, ಹಿಂದೆ ಹೊಗೆಗಂಡಿ ಬಿಟ್ಟರೆ ಸೌದೆ ಬಹಳ ಉಳಿಯುತ್ತದೆ. ಆಟಿ ತಿಂಗಳಲ್ಲಿ ತೊಂದರೆ ಎಲ್ಲರಿಗೂ ಗೊತ್ತು: ಸೋಗೆ, ಮಡಲು, ಗೆರಟೆ ಎಲ್ಲ ಒದ್ದೆ. ಮಳೆಗಾಲದ ನಾಲ್ಕು ತಿಂಗಳಿಗೆ ಬೇಕಾದ ಸೌದೆ ಮಾಡಿನಡಿ ಇಲ್ಲದ ಗೂಡಿಗೆ ಮುಸುರೆ ತರಿಸಲೇಬಾರದು. ಬೇಯಿಸಲಾಗದ ದಿನ ತೌಡು ಕಲಸಿ ಹಾಕಿ, ಮುಸುರೆಯನ್ನು ಗುಂಡಿಗೆ ಹಾಕಿ ಮುಚ್ಚಿ.

ನಾಲ್ಕನೆಯದೇ ಹೆಚ್ಚು ಕಡೆ ನಡೆಯುವುದು, ಅದನ್ನು ಯಾರೂ ದೋಷವೆಂದು ಎಣಿಸುವುದಿಲ್ಲ. ಸರಿಯಾಗಿ ಬೇಯಿಸಿದ ಮುಸುರೆಯನ್ನು ಹಸಿ ಮುಸುರೆ ತಂದ ಬಕೆಟ್‌ನಲ್ಲೇ ತುಂಬಿ ಗೂಡಿಗೆ ಒಯ್ಯುತ್ತಾರೆ. ಒಂದು ಗಂಟೆಯ ಬೆಂಕಿ ಅಲ್ಲಿಗೆ ವ್ಯರ್ಥ. ಹಸಿಗೆ ಕೆಂಪು ಬಕೆಟ್, ಬೆಂದದ್ದಕ್ಕೆ ಹಸಿರು ಬಕೆಟ್. ಸೌಟು, ಸಟ್ಟುಗ ಕೂಡ ಬೇರೆ. ಬೇಯಿಸಲು ಬಳಸುವ ಸಟ್ಟುಗ ಕುದಿಯುವುದರಲ್ಲೇ ಇರಲಿ. ಮುಸುರೆ ಇಳಿಸುವ ಜಾಗ ಗೂಡಿನ ಬೇಲಿಯ ಹೊರಗಿರಬೇಕು, ತೊಳೆದ ನೀರು ಅಂಕಣದ ಕಡೆ ಹರಿಯಬಾರದು. ಹಸಿ ಮುಟ್ಟಿದವರು ಕೈಕಾಲು ತೊಳೆದು ಚಪ್ಪಲಿ ಬದಲಿಸಿಯೇ ಒಳಗೆ. ಹಸಿ ಡ್ರಮ್‌ಗೆ ಮುಚ್ಚಳ ಇಲ್ಲದಿದ್ದರೆ ಕಾಗೆ, ನಾಯಿಗಳು ಎಲುಬು ಎಳೆದು ಅಂಕಣಕ್ಕೆ ಹಾಕುತ್ತವೆ.

ಕೋಳಿ ಅಂಗಡಿಯ ಉಳಿಕೆಯ ಬಗ್ಗೆ ಒಂದು ಮಾತು. ಕೋಳಿಗೆ ಈ ರೋಗ ಬರುವುದಿಲ್ಲ. ಆದರೆ ಅದೇ ಅಂಗಡಿಯಲ್ಲಿ ಹಂದಿಮಾಂಸ ಕಡಿಯುತ್ತಿದ್ದರೆ, ಅಥವಾ ತರುವ ಗಾಡಿ ಹಂದಿಮಾಂಸದ ಅಂಗಡಿಗೂ ಹೋಗುತ್ತಿದ್ದರೆ, ಕೋಳಿಯ ಕರುಳಿನ ಜೊತೆ ವೈರಸ್ ಬರಬಹುದು. ಅದನ್ನೂ ಬೇಯಿಸಬೇಕು.

ಬಂದು ಹೋಗುವವರು

ಮನುಷ್ಯರಿಗೆ ಈ ರೋಗ ತಗುಲುವುದಿಲ್ಲ, ಆದರೆ ಕಾಲಿಗೆ ಅಂಟಿದ ಸಗಣಿಯಲ್ಲಿ ಅದನ್ನು ಹೊತ್ತು ತರುತ್ತಾರೆ. ಅಪಾಯ ಹೆಚ್ಚಿರುವುದು ಒಂದೇ ದಿನ ಹಲವು ಗೂಡು ಮೆಟ್ಟುವವರಿಂದ: ಮರಿ ವ್ಯಾಪಾರಿ, ಮಾಂಸದ ವ್ಯಾಪಾರಿ, ಗಂಡು ಹಂದಿ ಬಾಡಿಗೆಗೆ ತರುವವ, ಮುಸುರೆ ಗಾಡಿಯವ, ಮದ್ದು ಕೊಡಲು ಬರುವವರು ಸಹ. ನೆಂಟರನ್ನು ನಿಲ್ಲಿಸುವುದಕ್ಕಿಂತ ಇವರನ್ನು ಗೇಟಿನಲ್ಲಿ ನಿಲ್ಲಿಸುವುದು ಮುಖ್ಯ. ಹಂದಿ ನೋಡಬೇಕೆಂದರೆ ಫೋನಿನಲ್ಲಿ ವಿಡಿಯೋ ಕಳಿಸಿ. ತೂಗಬೇಕಾದರೆ ನಿಮ್ಮ ತಕ್ಕಡಿ, ನಿಮ್ಮ ಹಗ್ಗ, ಗೇಟಿನ ಹತ್ತಿರ, ಮತ್ತು ಹೊರಗೆ ತಂದ ಹಂದಿ ಮಾರಾಟವಾಗದಿದ್ದರೂ ಒಳಗೆ ಮರಳದಂತೆ ಬೇರೆ ಅಂಕಣ. ಒಳಗೆ ಬರಲೇಬೇಕಾದವರಿಗೆ ಗೂಡಿನದೇ ಗಂಬೂಟು, ಮೇಲಂಗಿ ಕೊಡಿ. ಹಿಂದಿನ 48 ಗಂಟೆಯಲ್ಲಿ ಬೇರೆ ಗೂಡಿಗೆ ಹೋಗಿದ್ದರೆ ಬೇಡವೆನ್ನಿ.

ಬಾಗಿಲಲ್ಲಿ ಕಾಲದ್ದುವ ತೊಟ್ಟಿ ಎಲ್ಲ ಕಡೆ ಇದೆ, ಕೆಲಸ ಮಾಡುವುದು ಕೆಲವೇ ಕಡೆ. ಸಗಣಿ ಮೆತ್ತಿದ ಬೂಟನ್ನು ನೇರ ಅದ್ದಿದರೆ ಔಷಧಿ ಸಗಣಿಯಲ್ಲೇ ಮುಗಿದುಹೋಗುತ್ತದೆ. ಮೊದಲು ಸಾಬೂನು ನೀರು, ಬ್ರಷ್, ಆಮೇಲೆ ಔಷಧಿ. 10 ಲೀಟರ್ ನೀರಿಗೆ 200 ಗ್ರಾಂ ಕಾಸ್ಟಿಕ್ ಸೋಡಾ ಹಾಕಿದರೆ 2 ಶೇಕಡಾ ದ್ರಾವಣ. ನೀರಿಗೆ ಸೋಡಾ ಹಾಕಬೇಕು, ಸೋಡಾಕ್ಕೆ ನೀರು ಸುರಿದರೆ ಮುಖಕ್ಕೆ ಸಿಡಿಯುತ್ತದೆ. ಕೈಗವಸು, ಕನ್ನಡಕ ಬೇಕೇಬೇಕು, ಅಲ್ಯೂಮಿನಿಯಂ ಪಾತ್ರೆ ಬೇಡ. ಮೇಲೆ ಮಾಡು ಇಲ್ಲದ ತೊಟ್ಟಿಗೆ ಮಳೆ ಬಿದ್ದರೆ ಅದು ಬರೀ ನೀರು. ದಿನಾ ಬದಲಿಸಿ, ಕೆಸರಾದರೆ ಆಗಲೇ ಬದಲಿಸಿ.

ಕೆಲಸದವರ ಬುತ್ತಿಯನ್ನೂ ವಿಚಾರಿಸಿ, ಗದರದೆ ವಿಚಾರಿಸಿ. ಊರಿಂದ ತಂದ ಒಣಗಿಸಿದ ಅಥವಾ ಹೊಗೆ ಹಾಕಿದ ಹಂದಿಮಾಂಸದ ಒಂದು ತುಂಡು ಅಂಕಣಕ್ಕೆ ಬಿದ್ದರೆ ಸಾಕು. ಊಟ ಬೇಲಿಯ ಹೊರಗೆ, ಉಳಿದದ್ದು ಮುಚ್ಚಳವಿರುವ ಡಬ್ಬಿಗೆ. ಕಾಡುಹಂದಿಗೂ ಇದೇ ರೋಗ ಬರುತ್ತದೆ. ಅಡಿಕೆ ತೋಟಕ್ಕೆ ನುಗ್ಗುವ ಕಾಡುಹಂದಿಯ ಮಾಂಸ, ಕರುಳು ಗೂಡಿನ ಬಳಿ ಸುಳಿಯಬಾರದು, ತೋಟದಲ್ಲಿ ಸತ್ತು ಬಿದ್ದದ್ದು ಕಂಡರೆ ಮುಟ್ಟದೆ ತಿಳಿಸಿ.

ರೋಗ ದೃಢವಾದರೆ

ರೋಗ ಬಂದ ಗೂಡಿನ ಸುತ್ತ 1 ಕಿಲೋಮೀಟರ್ ಸೋಂಕಿತ ವಲಯ, 10 ಕಿಲೋಮೀಟರ್ ನಿಗಾ ವಲಯವಾಗುತ್ತದೆ. ಒಳವಲಯದ ಹಂದಿಗಳನ್ನು ಇಲಾಖೆಯವರು ಕೊಂದು ಹೂಳುತ್ತಾರೆ, ಅವುಗಳಿಗೆ ಸರಕಾರದ ಪರಿಹಾರವಿದೆ. ಮೊದಲೇ ಸತ್ತವುಗಳ ಲೆಕ್ಕ ಹಿಡಿಯುವುದು ಕಷ್ಟ, ತಡಮಾಡದೆ ತಿಳಿಸಲು ಇದೂ ಒಂದು ಕಾರಣ. ಗುಂಡಿಯ ಜಾಗ ತೋರಿಸುವಾಗ ನಿಮ್ಮ ಬಾವಿ ಮಾತ್ರವಲ್ಲ, ಕೆಳಗಿನ ಮನೆಯ ಸುರಂಗ ಎಲ್ಲಿದೆ ಎಂದೂ ಹೇಳಿ. ಬಾಯಾರು, ಎಣ್ಮಕಜೆಯ ಗುಡ್ಡಗಳಲ್ಲಿ ಸುರಂಗದ ನೀರೇ ಕುಡಿಯುವ ನೀರು, ಹೊರಗಿನಿಂದ ಬಂದ ಅಧಿಕಾರಿಗೆ ಅದರ ಬಾಯಿ ಕಾಣುವುದಿಲ್ಲ. ಹೆಣದ ಮೇಲೆ ಸುಣ್ಣ, ಅದರ ಮೇಲೆ ಒಂದು ಮೀಟರಿಗಿಂತ ಹೆಚ್ಚು ಮಣ್ಣು, ನಾಯಿ ಕಾಡುಹಂದಿ ಕೆದಕದಂತೆ ಮುಳ್ಳು ಅಥವಾ ಕಲ್ಲು.

ಖಾಲಿ ಗೂಡನ್ನು ಕೆರೆದು, ಸಾಬೂನು ನೀರಲ್ಲಿ ಉಜ್ಜಿ, ಒಣಗಿಸಿ, ಆಮೇಲೆ ಕಾಸ್ಟಿಕ್ ಸೋಡಾ ನೀರು ಹೊಡೆಯಿರಿ. ಅರ್ಧ ಗಂಟೆಯಾದರೂ ಒದ್ದೆಯಾಗಿರಲಿ. ತೊಳೆಯಲಾಗದ ಮರದ ತೊಟ್ಟಿ, ಹಗ್ಗ, ಗೋಣಿಗಳನ್ನು ಸುಡಿ. ಮತ್ತೆ ಹಂದಿ ತರುವುದು ಇಲಾಖೆ ಒಪ್ಪಿದ ಮೇಲೆಯೇ, ಅದೂ ಮೊದಲು ಎರಡು ಮೂರು ಮರಿ. ಅವನ್ನು ನಾಲ್ಕೂ ಅಂಕಣಗಳಲ್ಲಿ ಓಡಾಡಲು ಬಿಟ್ಟು, ದಿನಾ ಉಷ್ಣತೆ ನೋಡಿ ಬರೆಯಿರಿ. ಆ ದಿನಗಳಲ್ಲಿ ಅವಕ್ಕೆ ಮುಸುರೆ ಬೇಡ. ತೌಡು, ಹಿಂಡಿ ಮಾತ್ರ. ಇಲ್ಲದಿದ್ದರೆ ಮರಿಗೆ ಜ್ವರ ಬಂದಾಗ ಅದು ಹಳೆಯ ನೆಲದಿಂದ ಬಂತೋ ಹೊಸ ಡ್ರಮ್‌ನಿಂದ ಬಂತೋ ತಿಳಿಯುವುದಿಲ್ಲ.